ಎಂ.ಆರ್.ಐ. ಕೋಣೆಯ ಬಾಗಿಲಲ್ಲಿ: ಒಂದು ಸೂಚನಾಪತ್ರ ಸಮಾಧಾನದ ಮಾತಾದ ಬಗೆ

ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆಯುವ ನೋವನ್ನು ಆಯುರ್ವೇದವು ಗೃಧ್ರಸೀ ಎಂದು ಕರೆಯುತ್ತದೆ. ತೈಲಾಭ್ಯಂಗ, ಶಾಖ, ಬಸ್ತಿ ಮೊದಲಾದ ಉಪಚಾರಗಳಿಂದ ಅನೇಕರಿಗೆ ಅದು ಶಮನವಾಗುವುದನ್ನು ನಾವು ಕಂಡಿದ್ದೇವೆ. ಆದರೆ ನೋವಿನೊಡನೆ ಪಾದದ ಬಲವೂ ಕುಂದತೊಡಗಿದರೆ ಎಣ್ಣೆ ಹಚ್ಚುತ್ತ ಕಾಯುವಂತಿಲ್ಲ. ಬೆನ್ನುಹುರಿಯಿಂದ ಹೊರಡುವ ನರವು ಎಲ್ಲಿ ಒತ್ತಿಕೊಂಡಿದೆ ಎಂಬುದನ್ನು ತಡಮಾಡದೆ ನೋಡಲೇಬೇಕು. ಹೀಗೆ ಹೆಬ್ಬೆರಳನ್ನು ಮೇಲೆತ್ತಲಾಗದ ಸ್ಥಿತಿಯಲ್ಲಿ ಬಂದ ಅರವತ್ತೆಂಟು ವಯಸ್ಸಿನ ತಾಯಿಯೊಬ್ಬರನ್ನು ನಾವು ಎಂ.ಆರ್.ಐ. ಪರೀಕ್ಷೆಗೆ ಕಳುಹಿಸಿದೆವು. ಯಂತ್ರದೊಳಗೆ ಮೂರೇ ನಿಮಿಷವಿದ್ದು ಅವರು ಹೊರಬಂದುಬಿಟ್ಟರು. ಪರೀಕ್ಷೆ ನಡೆಯಲಿಲ್ಲ.

ಮರುದಿನ ಅವರು ನಮ್ಮ ಮುಂದೆ ಕುಳಿತು ಹೇಳಿದ ಮಾತುಗಳಿವು: “ಲಿಂಗ ಬಿಚ್ಚಿಡ್ರಿ ಅಂದ್ರು, ಎದಿ ಧಸಕ್ಕಂತು. ಒಳಗ ಹೋದಮ್ಯಾಲ ಧಡಧಡ ಸಪ್ಪಳ ಸುರು ಆತು. ಯಂತ್ರ ಒಡೀತು ಅಂತ ತಿಳ್ಕೊಂಡೆರಿ.”

ಅವರ ಕೈಚೀಲದಲ್ಲಿ ಆಸ್ಪತ್ರೆಯು ಕೊಟ್ಟ ಸೂಚನಾಪತ್ರವಿತ್ತು. ಲೋಹದ ವಸ್ತುಗಳನ್ನು ತೆಗೆಯತಕ್ಕದ್ದು, ಅಲುಗಾಡಬಾರದು, ಪೇಸ್‌ಮೇಕರ್ ಇದ್ದಲ್ಲಿ ಪ್ರವೇಶವಿಲ್ಲ, ತೊಂದರೆಯಾದಲ್ಲಿ ಬಲ್ಬ್ ಒತ್ತತಕ್ಕದ್ದು. ಎಲ್ಲವೂ ಸರಿಯಾದ ಮಾತುಗಳೇ. ಆದರೆ ಏಕೆ, ಎಷ್ಟು ಹೊತ್ತು, ಒಳಗೆ ಏನು ಕೇಳಿಸುತ್ತದೆ ಎಂಬುದು ಒಂದು ಸಾಲಿನಲ್ಲಿಯೂ ಇರಲಿಲ್ಲ. ಈ ವಿಷಯವನ್ನು ಆ ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ವೈದ್ಯರಿಗೆ ತಿಳಿಸಿದಾಗ, ಅಂಜುವ ರೋಗಿಗಳು ಹಿಂದಿನ ದಿನವೇ ಮೊಬೈಲಿನಲ್ಲಿ ನೋಡಬಹುದಾದ ಚಿಕ್ಕ ವಿಡಿಯೋ ಒಂದಕ್ಕೆ ಕನ್ನಡದಲ್ಲಿ ಮಾತುಗಳನ್ನು ಬರೆದುಕೊಡುವಂತೆ ಅವರು ನಮ್ಮನ್ನೇ ಕೇಳಿದರು.

ನಮ್ಮ ಮೊದಲ ಬರಹವು ಮೃದುವಾಗಿತ್ತು, ಆದರೆ ತಪ್ಪಾಗಿತ್ತು. “ಸ್ವಲ್ಪ ಶಬ್ದವಾಗುತ್ತದೆ, ಯಾವ ಅಪಾಯವೂ ಇಲ್ಲ, ನಿಮಗೆ ಏನೂ ಅನಿಸುವುದಿಲ್ಲ” ಎಂದು ಬರೆದಿದ್ದೆವು. ಹೆದರಿಸುವ ಮಾತೆಂದು ಪೇಸ್‌ಮೇಕರಿನ ಪ್ರಶ್ನೆಯನ್ನೂ ಕೈಬಿಟ್ಟಿದ್ದೆವು. ಆ ವೈದ್ಯರು ಈ ಸಾಲುಗಳನ್ನೆಲ್ಲ ಹೊಡೆದುಹಾಕಿದರು. ಸ್ವಲ್ಪ ಶಬ್ದವೆಂದು ನಂಬಿ ಹೋದವರು ಸುತ್ತಿಗೆಯ ಬಡಿತದಂತಹ ಸದ್ದನ್ನು ಕೇಳಿದಾಗ ಯಂತ್ರ ಕೆಟ್ಟಿತೆಂದೇ ತಿಳಿಯುತ್ತಾರೆ. ಏನೂ ಅನಿಸದು ಎಂದು ನಂಬಿದವರು ಚರ್ಮ ಸುಡುವಂತಾದರೂ ಬಲ್ಬ್ ಒತ್ತದೆ ಸಹಿಸಿಕೊಂಡಿರುತ್ತಾರೆ. ಸಮಾಧಾನವೆಂದರೆ ನಿಜವನ್ನು ಮುಚ್ಚುವುದಲ್ಲ, ಮುಂದೆ ಆಗುವುದನ್ನು ಮೊದಲೇ ಶಾಂತವಾಗಿ ಹೇಳುವುದು ಎಂಬ ಪಾಠವನ್ನು ನಾವು ಈ ವಯಸ್ಸಿನಲ್ಲಿ ಕಲಿತೆವು.

ಎರಡನೆಯ ಬರಹದಲ್ಲಿ ಪ್ರತಿಯೊಂದು ಆಜ್ಞೆಗೂ ಕಾರಣವನ್ನು ಸೇರಿಸಿದೆವು. ಶಬ್ದದ ಭಾಗವು ಹೀಗಾಯಿತು: “ನೀವು ಮಲಗುವ ಜಾಗವು ಎರಡೂ ಕಡೆ ತೆರೆದ ಕೊಳವೆಯಂತಿದೆ. ಒಳಗೆ ಬೆಳಕಿದೆ, ಗಾಳಿ ಆಡುತ್ತದೆ. ಚಿತ್ರ ತೆಗೆಯುವಾಗ ಯಂತ್ರವು ಜೋರಾಗಿ ಬಡಿಯುತ್ತದೆ. ಈಗ ಆ ಸದ್ದನ್ನು ಕೇಳಿಸುತ್ತೇವೆ.” ಇಲ್ಲಿ ನಿಜವಾದ ಸದ್ದನ್ನು ಹತ್ತು ಸೆಕೆಂಡು ಕೇಳಿಸಲಾಗುತ್ತದೆ. “ಯಂತ್ರದೊಳಗಿನ ತಂತಿಸುರುಳಿಗಳಲ್ಲಿ ವಿದ್ಯುತ್ತು ಬೇಗಬೇಗನೆ ಬದಲಾಗುವುದರಿಂದ ಅವು ಕಂಪಿಸಿ ಈ ಸದ್ದು ಬರುತ್ತದೆ. ಸದ್ದು ನಿಲ್ಲುತ್ತದೆ, ಮತ್ತೆ ಬೇರೆ ಲಯದಲ್ಲಿ ಆರಂಭವಾಗುತ್ತದೆ. ಯಂತ್ರವು ಸರಿಯಾಗಿ ನಡೆಯುತ್ತಿದೆ ಎಂದೇ ಅದರ ಅರ್ಥ. ನಿಮ್ಮ ಕಿವಿಗೆ ರಕ್ಷಣೆ ಕೊಡುತ್ತಾರೆ. ಸೊಂಟದ ಪರೀಕ್ಷೆಗೆ ಸಾಮಾನ್ಯವಾಗಿ 20ರಿಂದ 40 ನಿಮಿಷ ಬೇಕಾಗುತ್ತದೆ.”

ಬಲ್ಬಿನ ಭಾಗ ಹೀಗಿದೆ: “ನಿಮ್ಮ ಕೈಯಲ್ಲಿ ಮೆತ್ತನೆಯ ಬಲ್ಬ್ ಇರುತ್ತದೆ. ಅದನ್ನು ಹಿಚುಕಿದರೆ ಹೊರಗಿನ ಸಿಬ್ಬಂದಿಗೆ ಕೂಡಲೇ ತಿಳಿಯುತ್ತದೆ. ಮೈ ಸ್ವಲ್ಪ ಬೆಚ್ಚಗಾಗುವುದು ಸಹಜ. ಆದರೆ ಒಂದು ಜಾಗದಲ್ಲಿ ಉರಿ ಅಥವಾ ಸುಡುವ ಅನುಭವವಾದರೆ ಕಾಯಬೇಡಿ, ಹಿಚುಕಿರಿ. ಕೈಗಳನ್ನು ಹೆಣೆದುಕೊಳ್ಳಬೇಡಿ, ಪಕ್ಕದಲ್ಲಿ ಬೇರೆ ಬೇರೆ ಇಡಿ.” ಕೈ ಮುಗಿದು ಮಲಗುವುದು ನಮ್ಮವರಿಗೆ ಸಹಜವಾದ ಭಂಗಿಯಾದ್ದರಿಂದ ಈ ಸಾಲು ಅಗತ್ಯವಾಗಿತ್ತು. ಚರ್ಮಕ್ಕೆ ಚರ್ಮ ತಾಗಿ ಮೈಯಲ್ಲಿ ಒಂದು ವರ್ತುಲ ಏರ್ಪಟ್ಟರೆ, ಅದರಲ್ಲಿ ವಿದ್ಯುತ್ತು ಹರಿದು ತಾಗಿದ ಜಾಗ ಸುಡಬಹುದು.

ಲೋಹದ ವಿಷಯದಲ್ಲಿ ದನಿಯು ಶಾಂತವಾಗಿದ್ದರೂ ಮಾತು ಸಡಿಲವಾಗಬಾರದು. “ಸದ್ದಿಲ್ಲದಿರುವಾಗಲೂ ಈ ಕೋಣೆಯ ಅಯಸ್ಕಾಂತವು ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ ಪಿನ್ನು, ತಾಳಿ, ಕಾಲುಂಗುರ, ಕಿವಿಯ ಯಂತ್ರ, ಮೊಬೈಲು ಎಲ್ಲವೂ ಹೊರಗಿರಲಿ. ಜರಿಯ ಎಳೆಯಲ್ಲಿಯೂ ಲೋಹವಿರುವುದರಿಂದ ಆಸ್ಪತ್ರೆಯ ಉಡುಪನ್ನೇ ಧರಿಸಿ. ಹೃದಯದ ಪೇಸ್‌ಮೇಕರ್, ತಲೆಯ ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ಕ್ಲಿಪ್, ಕಿವಿಯೊಳಗೆ ಅಳವಡಿಸಿದ ಸಾಧನ, ಕಣ್ಣಿಗೆ ಎಂದಾದರೂ ಸಿಡಿದ ಲೋಹದ ಚೂರು, ಇವುಗಳಲ್ಲಿ ಯಾವುದಿದ್ದರೂ ಒಳಗೆ ಹೋಗುವ ಮೊದಲು ಹೇಳಿ. ಹಳೆಯ ಆಪರೇಷನ್ನಿನ ಕಾಗದಗಳನ್ನು ತನ್ನಿ. ಕೆಲವು ಪೇಸ್‌ಮೇಕರುಗಳಿದ್ದರೂ ತಕ್ಕ ಏರ್ಪಾಟಿನೊಡನೆ ಪರೀಕ್ಷೆ ಸಾಧ್ಯ. ಅದನ್ನು ವೈದ್ಯರೇ ನಿರ್ಧರಿಸುತ್ತಾರೆ.”

ಇನ್ನು ಇಷ್ಟಲಿಂಗದ ಪ್ರಶ್ನೆ. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ನಿಷ್ಠೆಯುಳ್ಳವರಿಗೆ ಪರೀಕ್ಷಾಕೋಣೆಯ ಬಾಗಿಲಲ್ಲಿ ಅವಸರದಿಂದ ಹೇಳಿದ ಮಾತು ಆಘಾತವೇ ಸರಿ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯದು. ಆದರೂ ಕರಡಿಗೆಯ ಕೊಂಡಿಯಲ್ಲಿ ಬೇರೆ ಲೋಹವಿರಬಹುದು, ಬೆಳ್ಳಿಯೂ ಕಾಯಬಹುದು, ಸೊಂಟದ ಬಳಿಯಿದ್ದರೆ ಚಿತ್ರವೂ ಕೆಡಬಹುದು. ಲಿಂಗದ ಮೇಲಿನ ಕಂತೆಯಲ್ಲಿ ಏನೇನು ಬೆರೆತಿದೆ ಎಂಬುದು ಹೊರಗಿನಿಂದ ತಿಳಿಯದು. ಆದ್ದರಿಂದ ಈ ಸಾಲನ್ನು ಬರೆದೆವು: “ಇಷ್ಟಲಿಂಗಧಾರಿಗಳು ಹಿಂದಿನ ದಿನವೇ ಸಿಬ್ಬಂದಿಗೆ ತಿಳಿಸಿ. ಕರಡಿಗೆಯನ್ನು ನಿಮ್ಮ ಮನೆಯವರೇ ಮಡಿಯಾದ ವಸ್ತ್ರದಲ್ಲಿ ಹಿಡಿದುಕೊಂಡು ಬಾಗಿಲ ಹೊರಗೆ ಕುಳಿತಿರುತ್ತಾರೆ. ಪರೀಕ್ಷೆ ಮುಗಿದೊಡನೆ ನಿಮ್ಮ ಕೈಗೇ ಕೊಡುತ್ತಾರೆ.” ಆ ತಾಯಿಯವರಿಗೆ ನಾವು ಇನ್ನೊಂದು ಮಾತನ್ನೂ ಹೇಳಿದೆವು: ಪೂಜೆಯನ್ನು ಮುಗಿಸಿಕೊಂಡೇ ಹೊರಡಿ, ಮನಸ್ಸು ಒಪ್ಪದಿದ್ದರೆ ಗುರುಗಳ ಬಳಿ ಮೊದಲೇ ಕೇಳಿಕೊಳ್ಳಿ. ಈ ತೀರ್ಮಾನವು ಮನೆಯಲ್ಲಿ ಆಗಬೇಕೇ ಹೊರತು ಪರೀಕ್ಷಾಕೋಣೆಯ ಬಾಗಿಲಲ್ಲಿ ಅಲ್ಲ.

ವಿಡಿಯೋ ಫಲಿಸಿತೇ ಎಂದು ತಿಳಿಯಲು “ಅರ್ಥವಾಯಿತೇ?” ಎಂದು ಕೇಳಿದರೆ ಸಾಲದು, ಆ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ನಾವು ಆ ತಾಯಿಗೆ ಅದನ್ನು ತೋರಿಸಿ ಮೂರು ಪ್ರಶ್ನೆ ಕೇಳಿದೆವು: ಏನೇನನ್ನು ಹೊರಗಿಡುತ್ತೀರಿ? ಸದ್ದು ನಿಂತಾಗ ಏನು ಮಾಡುತ್ತೀರಿ? ಮೈ ಉರಿದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ ಅವರು “ಮುಗೀತಲ್ರಿ, ಎದ್ದು ಕೂಡ್ತೀನಿ” ಎಂದರು. ನಮ್ಮ ಬರಹದ ಕೊರತೆ ಅಲ್ಲಿ ಸಿಕ್ಕಿತು. “ಸಿಬ್ಬಂದಿ ಬಂದು ಹೇಳುವವರೆಗೆ ಹಾಗೆಯೇ ಮಲಗಿರಿ” ಎಂಬ ಸಾಲನ್ನು ಸೇರಿಸಿದೆವು.

ನಾಲ್ಕನೆಯ ದಿನ ಅವರು ಮತ್ತೆ ಹೋದರು. ಕೇಳಿಕೊಂಡಿದ್ದರಿಂದ ಕಾಲು ಮೊದಲು ಒಳಗೆ ಹೋಗುವಂತೆ ಮಲಗಿಸಿದರು. ತಲೆಯು ಕೊಳವೆಯ ಬಾಯಿಯ ಹತ್ತಿರವೇ ಉಳಿಯಿತು. ಮಗಳು ಕರಡಿಗೆಯನ್ನು ಹಿಡಿದು ಹೊರಗೆ ಕುಳಿತಿದ್ದಳು. ಪರೀಕ್ಷೆ ಪೂರ್ಣಗೊಂಡಿತು. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಹೊರಸರಿದು ನರವನ್ನು ಒತ್ತಿರುವುದು ಕಂಡಿತು. ಅದೇ ದಿನ ಅವರನ್ನು ನರಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆವು.

ಎಲ್ಲರ ಅಂಜಿಕೆಯೂ ವಿಡಿಯೋದಿಂದ ಇಳಿಯುವುದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಉಸಿರುಗಟ್ಟುವಂತಾಗುವವರು ಅದನ್ನು ಮುಂಚೆಯೇ ತಿಳಿಸಿದರೆ ವೈದ್ಯರು ಶಾಮಕ ಔಷಧವನ್ನು ಯೋಚಿಸಬಹುದು. ಆಗ ಉಪವಾಸದ ಸೂಚನೆ ಬೇರೆಯಿರುತ್ತದೆ, ಜೊತೆಗೊಬ್ಬರು ಇರಲೇಬೇಕು. ಯಾವ ಪರೀಕ್ಷೆಗೆ ಹೋಗುವಾಗಲೂ ಕೈಗೆ ಬಂದ ಕಾಗದವನ್ನು ಹಿಂದಿನ ಸಂಜೆಯೇ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಪ್ರತಿ ಸಾಲಿಗೂ “ಏಕೆ?” ಎಂದು ಕೇಳಿ, ಉತ್ತರ ಸಿಗದ ಸಾಲನ್ನು ಗುರುತು ಹಾಕಿಕೊಂಡು ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೇಳಿರಿ.