ಟ್ಯೂಷನ್ ಪ್ರವೇಶದ ಸ್ಲೈಡ್‌ಗಳು: ನಂಬಿಕೆ ಒಂದು, ನಿಜ ಇನ್ನೊಂದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಊರೂರಿನ ಟ್ಯೂಷನ್ ಸೆಂಟರ್‌ಗಳು ಇನ್‌ಸ್ಟಾಗ್ರಾಂನಲ್ಲಿ ಪ್ರವೇಶದ ಮಾಹಿತಿ ಹಾಕತೊಡಗುತ್ತವೆ. ಒಂದೇ ಪೋಸ್ಟಿನಲ್ಲಿ ಸಾಲಾಗಿ ಸರಿಸಿ ನೋಡುವ ಈ ಸ್ಲೈಡ್‌ಗಳ ಬಗ್ಗೆ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ. ಅವುಗಳ ದೆಸೆಯಿಂದ ಅಪ್ಪ ಅಮ್ಮಂದಿರಿಗೆ ಬೇಕಾದ ವಿಷಯವೇ ತಲುಪುವುದಿಲ್ಲ.

ನಂಬಿಕೆ: ಪ್ರತಿ ಸ್ಲೈಡಿಗೂ ಬೇರೆ ಬೇರೆ ಕ್ಯಾಪ್ಷನ್ ಬರೆಯಬಹುದು.

ಇನ್‌ಸ್ಟಾಗ್ರಾಂ ಪೋಸ್ಟಿನಲ್ಲಿ ಎಷ್ಟೇ ಸ್ಲೈಡ್ ಇರಲಿ, ಕ್ಯಾಪ್ಷನ್ ಒಂದೇ. ಅದರಲ್ಲೂ ಮೊದಲ ಸಾಲೆರಡು ಮಾತ್ರ ಕಾಣುತ್ತವೆ, ಉಳಿದದ್ದನ್ನು ಓದಲು ಒತ್ತಬೇಕು. ಹಾಗಾಗಿ ಆಯಾ ಸ್ಲೈಡಿನ ಕಿರುಬರಹ ಚಿತ್ರದ ಮೇಲೆಯೇ ಇರಬೇಕು. ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ: ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟು, ಹತ್ತು ಹದಿನೈದು ಪದಗಳಲ್ಲಿ ಮಾತು ಮುಗಿಸಿದರೆ ಮೊಬೈಲ್‌ನಲ್ಲಿ ಕನ್ನಡಕವಿಲ್ಲದೆಯೂ ಓದಬಹುದು.

ನಂಬಿಕೆ: ಆಫೀಸಿನ ಒಂದು ಹಂತಕ್ಕೆ ಒಂದು ಸ್ಲೈಡ್.

ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರಥಮ ಪಿಯುಸಿ ವಿಜ್ಞಾನಕ್ಕೆ ಪಾಠ ಹೇಳುವ ಒಂದು ಸೆಂಟರ್ ಎಂದಿಟ್ಟುಕೊಳ್ಳಿ. ಅಲ್ಲಿನ ಪಟ್ಟಿ ಹೀಗಿರುತ್ತದೆ: ವಿಚಾರಣೆ, ಅರ್ಜಿ, ದಾಖಲೆ ಪರಿಶೀಲನೆ, ಪ್ರವೇಶ ಪರೀಕ್ಷೆ, ಬ್ಯಾಚ್ ಹಂಚಿಕೆ, ಶುಲ್ಕ, ಗುರುತಿನ ಚೀಟಿ, ನೋಟ್ಸ್ ವಿತರಣೆ, ವಾಟ್ಸ್ಆ್ಯಪ್ ಗುಂಪು. ಇದನ್ನು ಹಾಗೆಯೇ ಒಂಬತ್ತು ಸ್ಲೈಡ್ ಮಾಡಿದರೆ ನೋಡುವವರಿಗೆ ಸೇರುವುದೇ ದೊಡ್ಡ ರಗಳೆ ಅನ್ನಿಸುತ್ತದೆ. ಗುರುತಿನ ಚೀಟಿ, ನೋಟ್ಸ್, ಗುಂಪು ಸೆಂಟರಿನವರ ಕೆಲಸ. ಮನೆಯವರು ಏನಾದರೂ ಮಾಡಬೇಕಾದಲ್ಲಿ ಅಥವಾ ತೀರ್ಮಾನಿಸಬೇಕಾದಲ್ಲಿ ಮಾತ್ರ ಹೊಸ ಸ್ಲೈಡ್ ಶುರುವಾಗಲಿ.

ಆಗ ಮೊದಲ ಸ್ಲೈಡ್: “ಪ್ರಥಮ ಪಿಯುಸಿ ವಿಜ್ಞಾನ ಟ್ಯೂಷನ್: ಸೇರುವುದು ಹೇಗೆ?” ಎರಡನೆಯದು: “ಮೊದಲು ಒಂದು ಪಾಠಕ್ಕೆ ಬಂದು ಕೂತು ನೋಡಿ. ಅದಕ್ಕೆ ಶುಲ್ಕವಿಲ್ಲ.” ಮೊದಲ ಸಲ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ತೋರಿಸುತ್ತದೆ. ಆದ್ದರಿಂದ ಈ ಸಾಲು ಮೊದಲನೆಯದರ ಹಂಗಿಲ್ಲದೆ ಅರ್ಥವಾಗಬೇಕು. ಮೂರನೆಯದು: “ಬರುವಾಗ ತನ್ನಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್, ಎರಡು ಫೋಟೊ.” ನಾಲ್ಕನೆಯದರಲ್ಲಿ ‘ಪ್ರವೇಶ ಪರೀಕ್ಷೆ’ ಎಂದಷ್ಟೇ ಬರೆದರೆ, ಗಣಿತದಲ್ಲಿ ಕಡಿಮೆ ಅಂಕ ಬಂದ ಹುಡುಗಿ ಅಲ್ಲಿಗೇ ನಿಲ್ಲುತ್ತಾಳೆ. ಪರೀಕ್ಷೆ ಇರುವುದು ಬ್ಯಾಚ್ ಗೊತ್ತುಮಾಡಲು ಎಂದಾದರೆ ಅದನ್ನೇ ಹೇಳಿ: “ಅರ್ಧ ಗಂಟೆಯ ಗಣಿತ ಪರೀಕ್ಷೆ. ಯಾವ ಬ್ಯಾಚ್ ಎಂದು ನೋಡಲು ಮಾತ್ರ; ಯಾರನ್ನೂ ವಾಪಸ್ ಕಳಿಸುವುದಿಲ್ಲ.”

ನಂಬಿಕೆ: ಶುಲ್ಕ ಹೇಳದಿದ್ದರೆ ಜನ ಫೋನ್ ಮಾಡುತ್ತಾರೆ.

ಒಂದಷ್ಟು ಜನ ಮಾಡುತ್ತಾರೆ, ನಿಜ. ಆದರೆ ಕೈ ಬಿಗಿಯಿರುವ ಮನೆಯವರು ಕೇಳಲು ಮುಜುಗರಪಟ್ಟು ಸುಮ್ಮನಾಗುತ್ತಾರೆ. ಅವರನ್ನು ಹೀಗೆ ಕಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಐದನೇ ಸ್ಲೈಡ್ ನೇರವಾಗಿರಲಿ: “ವರ್ಷಕ್ಕೆ 18,000 ರೂಪಾಯಿ. ಸೇರುವಾಗ 6,000, ಉಳಿದದ್ದು ಎರಡು ಕಂತು. ರಸೀದಿ ಕೊಡುತ್ತೇವೆ.” ಆರನೆಯದನ್ನು ಬಹುಪಾಲು ಸೆಂಟರ್‌ಗಳು ಹಾಕುವುದೇ ಇಲ್ಲ: “ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಹಣ 10 ದಿನದೊಳಗೆ ವಾಪಸ್.” ಇದು ಬರೀ ಔದಾರ್ಯದ ಮಾತಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಮರಳಿಸಬೇಕೆಂದಿದೆ. ಮಾರ್ಗಸೂಚಿ ಬರೆದಿರುವುದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಸಣ್ಣವರೂ ತಮ್ಮ ನಿಯಮ ಏನೆಂದು ಮೊದಲೇ ತಿಳಿಸಿದರೆ ಆಮೇಲೆ ಜಗಳವಿರುವುದಿಲ್ಲ.

ಏಳನೆಯದರಲ್ಲಿ ವಿಳಾಸ, ಫೋನ್, ಆಫೀಸ್ ತೆರೆದಿರುವ ಹೊತ್ತು. ಅಲ್ಲಿಗೆ ಮುಗಿಯಿತು. ಈಗ ಒಂದು ಪೋಸ್ಟಿಗೆ 20 ಚಿತ್ರಗಳವರೆಗೆ ಹಾಕಬಹುದು ಎಂಬುದು ಅಷ್ಟನ್ನೂ ತುಂಬಲು ಕಾರಣವಲ್ಲ.

ನಂಬಿಕೆ: ತಪ್ಪಿದ್ದರೆ ಆಮೇಲೆ ತಿದ್ದಿದರಾಯಿತು.

ಕ್ಯಾಪ್ಷನ್ ತಿದ್ದಬಹುದು. ಹಾಕಿಯಾದ ಮೇಲೆ ಚಿತ್ರದೊಳಗಿನ ಅಕ್ಷರ ತಿದ್ದಲಾಗದು. ಡೆಮೊ ಪಾಠದ ದಿನಾಂಕ, ಉಳಿದ ಸೀಟುಗಳ ಸಂಖ್ಯೆಯಂಥ ಬದಲಾಗುವ ವಿಷಯ ಕ್ಯಾಪ್ಷನ್‌ನಲ್ಲಿರಲಿ, ಬದಲಾಗದ್ದು ಸ್ಲೈಡಿನಲ್ಲಿರಲಿ. ಸ್ಲೈಡ್‌ಗಳು ಒಟ್ಟಿಗೇ ಓಡಾಡುತ್ತವೆ ಎಂದೂ ನಂಬಬೇಡಿ. ಶುಲ್ಕದ ಸ್ಲೈಡನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದರಲ್ಲಿ ಸೆಂಟರಿನ ಹೆಸರು, ಶೈಕ್ಷಣಿಕ ವರ್ಷ, “5/7” ಎಂಬ ಸಂಖ್ಯೆ ಇಲ್ಲದಿದ್ದರೆ ಮುಂದಿನ ವರ್ಷ ಹಳೇ ಶುಲ್ಕ ಹಿಡಿದುಕೊಂಡು ಬಂದು ಕೇಳುವವರಿರುತ್ತಾರೆ.