ಒಂದೇ ವಿವರಣೆ, ಎರಡು ಸಲ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಪದ್ಮನಾಭನಗರದಂತಹ ಬಡಾವಣೆಗಳಲ್ಲಿ ಒಂದೇ ಮನೆಯೊಳಗೆ ಎರಡು ಭಾಷೆಗಳು ಬಳಕೆಯಲ್ಲಿರುವುದು ಅಪರೂಪವೇನೂ ಅಲ್ಲ. ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಅಜ್ಜಿ ಕನ್ನಡವನ್ನಷ್ಟೇ ಬಲ್ಲವರು. ಉತ್ತರ ಭಾರತದಲ್ಲಿ ಓದಿ ಬೆಳೆದ ಸೊಸೆಗೆ ಇಂಗ್ಲಿಷ್ ಸಲೀಸು, ಕನ್ನಡ ಅಷ್ಟಕ್ಕಷ್ಟೆ. ಒಂಬತ್ತನೆಯ ತರಗತಿಯ ಮೊಮ್ಮಗಳಿಗೆ ಎರಡೂ ಬರುತ್ತವೆ. ಆದುದರಿಂದ ಮನೆಯ ದುಭಾಷಿಯ ಕೆಲಸ ಅವಳ ಪಾಲಿಗೆ ಬಂದಿದೆ. ಈ ಮನೆಯ ಒಂದೂಕಾಲು ವರ್ಷದ ಮಗುವಿಗೆ ಭೇದಿ ಹತ್ತಿತು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅಜ್ಜಿ. ವೈದ್ಯರ ಮಾತನ್ನು ಕೇಳಿಸಿಕೊಂಡವಳು ಕಚೇರಿಗೆ ಹೋಗುವ ತಾಯಿ. ತೊಡಕು ಇಲ್ಲಿಂದಲೇ ಮೊದಲಾಗುತ್ತದೆ.

ಭೇದಿಯಾದಾಗ ಮಗುವಿನ ಮೈಯಿಂದ ನೀರೂ ಉಪ್ಪೂ ಹೊರಟುಹೋಗುತ್ತವೆ. ಬರಿಯ ನೀರನ್ನು ಕುಡಿಸಿದರೆ ಈ ನಷ್ಟ ತುಂಬುವುದಿಲ್ಲ. ಕರುಳು ಉಪ್ಪನ್ನು ಒಳಗೆಳೆದುಕೊಳ್ಳಲು ಸಕ್ಕರೆಯ ನೆರವು ಬೇಕು. ಸಕ್ಕರೆಯೂ ಉಪ್ಪೂ ಜೊತೆಯಾಗಿ ಒಳಹೊಕ್ಕಾಗ ನೀರು ಅವುಗಳ ಹಿಂದೆ ತಾನೇ ಹೋಗುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದಲ್ಲಿ ಇರುವುದು ಮುಖ್ಯವಾಗಿ ಇವೇ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ತುತ್ತಾದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಈ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಈ ಚಿಕಿತ್ಸೆಯನ್ನು ನಡೆಸುವವರು ಮನೆಯವರೇ. ಅವರು ವಿವರಣೆಯನ್ನು ಹೇಗೆ ಗ್ರಹಿಸಿದರೋ ಔಷಧವೂ ಹಾಗೆಯೇ ತಯಾರಾಗುತ್ತದೆ.

ವೈದ್ಯರು ತಾಯಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಒಂದು ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕುದಿಸಿ ಆರಿಸಿದ ನೀರಿನಲ್ಲಿ ಕದಡಬೇಕು, ಪ್ರತಿ ಸಲ ಭೇದಿಯಾದ ಮೇಲೆ ಐವತ್ತರಿಂದ ನೂರು ಮಿಲಿಲೀಟರು ಕುಡಿಸಬೇಕು, ಇಪ್ಪತ್ತನಾಲ್ಕು ಗಂಟೆ ಕಳೆದರೆ ಉಳಿದುದನ್ನು ಚೆಲ್ಲಬೇಕು, ಆಹಾರವನ್ನು ಮುಂದುವರಿಸಬೇಕು, ಮಗು ಮಂಕಾದರೆ ಕೂಡಲೇ ಕರೆತರಬೇಕು. ತಾಯಿಗೆ ಎಲ್ಲವೂ ತಿಳಿಯಿತು. ಮನೆಗೆ ಬಂದು ಮಗಳ ಮೂಲಕ ಅಜ್ಜಿಗೆ ಹೇಳಿಸಿದಳು. ಮಗಳು ಹೇಳಿದ್ದು: “ಅಜ್ಜಿ, ಈ ಪುಡಿಯನ್ನು ನೀರಿಗೆ ಹಾಕಿ ಆಗಾಗ ಕುಡಿಸಬೇಕಂತೆ.”

ಹುಡುಗಿ ಸುಳ್ಳು ಹೇಳಲಿಲ್ಲ. ಆದರೆ ಅಳತೆ ದಾರಿಯಲ್ಲಿ ಬಿದ್ದುಹೋಯಿತು. ದುಭಾಷಿಯಾದವರು, ಅದರಲ್ಲಿಯೂ ಮಕ್ಕಳು, ತಮಗೆ ಮುಖ್ಯವೆಂದು ತೋರಿದುದನ್ನು ಉಳಿಸಿಕೊಂಡು ಮಿಕ್ಕುದನ್ನು ಬಿಡುವುದು ಸಹಜ. ಅಜ್ಜಿಗೆ ನೀರು ಎಂದರೆ ಒಂದು ಲೋಟ ನೀರು. ಸುಮಾರು ಇನ್ನೂರು ಮಿಲಿಲೀಟರು ಹಿಡಿಯುವ ಲೋಟಕ್ಕೆ ಒಂದು ಲೀಟರಿನ ಪೊಟ್ಟಣವನ್ನು ಸುರಿದರೆ ದ್ರಾವಣವು ಐದು ಪಟ್ಟು ಗಟ್ಟಿಯಾಗುತ್ತದೆ. ಅಂತಹ ನೀರು ಕರುಳಿನಿಂದ ಒಳಗೆ ಹೋಗುವ ಬದಲು ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪು ಏರಿ ಮಗುವಿಗೆ ಅಪಾಯವೂ ಒದಗಬಹುದು. ಇನ್ನೂರು ಮಿಲಿಲೀಟರಿಗೆಂದೇ ಮಾಡಿದ ಚಿಕ್ಕ ಪೊಟ್ಟಣಗಳೂ ಅಂಗಡಿಯಲ್ಲಿ ಇರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಕೈಯಲ್ಲಿರುವುದು ಯಾವ ಪೊಟ್ಟಣವೆಂಬುದನ್ನು ಅದರ ಮೇಲಿನ ಬರಹವನ್ನು ಓದಿಯೇ ತಿಳಿಯಬೇಕು.

ಇದಕ್ಕೆ ಪರಿಹಾರವು ಇನ್ನೂ ಒಳ್ಳೆಯ ಅನುವಾದವಲ್ಲ. ಅಜ್ಜಿಯನ್ನೂ ವೈದ್ಯರ ಮುಂದೆ ಕೂರಿಸಿ, ಅದೇ ವಿಷಯವನ್ನು ಕನ್ನಡದಲ್ಲಿ ಮೊದಲಿನಿಂದ ಇನ್ನೊಮ್ಮೆ ಹೇಳಿರೆಂದು ಕೇಳಿಕೊಳ್ಳುವುದು. ಹಾಗೆ ಕೇಳಿದಾಗ ವೈದ್ಯರು ತಮ್ಮ ಇಂಗ್ಲಿಷ್ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದಿಲ್ಲ. ಎದುರಿಗಿರುವವರ ಅಡಿಗೆಮನೆಯನ್ನು ನೆನೆದು ಬೇರೆಯಾಗಿಯೇ ಹೇಳುತ್ತಾರೆ.

“ಅಜ್ಜಿ, ನಿಮ್ಮ ಮನೆಯಲ್ಲಿ ಒಂದು ಲೀಟರಿನ ನೀರಿನ ಬಾಟಲಿ ಇದೆಯೇ? ಕಾಯಿಸಿ ಆರಿಸಿದ ನೀರನ್ನು ಅದರ ತುಂಬ ಅಳೆದುಕೊಳ್ಳಿ. ಪುಡಿಯನ್ನೆಲ್ಲ ಅದಕ್ಕೇ ಹಾಕಿ. ನಾಳೆ ಇದೇ ಹೊತ್ತಿಗೆ ಮಿಕ್ಕಿದ್ದರೆ ಚೆಲ್ಲಿಬಿಡಿ.”

“ಬಿಸಿ ಮಾಡಿ ಕೊಡಬಹುದೇ, ಡಾಕ್ಟ್ರೇ?”

“ಬೇಡಿ. ಬೆರೆಸಿದ ಮೇಲೆ ಕಾಯಿಸಬೇಡಿ. ಚಮಚದಿಂದ ನಿಧಾನವಾಗಿ ಕುಡಿಸಿ. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಕೊಡಿ.”

“ಹೊಟ್ಟೆ ಕೆಟ್ಟಿರುವಾಗ ಗಂಜಿ, ಹಾಲು ನಿಲ್ಲಿಸಬೇಕಲ್ಲವೇ?”

ಈ ಕೊನೆಯ ಪ್ರಶ್ನೆಗಾಗಿಯೇ ಎರಡನೆಯ ವಿವರಣೆ ಬೇಕಾಗಿತ್ತು ಎನ್ನಬಹುದು. ಆಹಾರವನ್ನು ಮುಂದುವರಿಸಬೇಕು ಎಂಬ ಇಂಗ್ಲಿಷ್ ವಾಕ್ಯವು ತಾಯಿಗೆ ತಿಳಿದಿತ್ತು. ಆದರೆ ಭೇದಿಯಾದವರಿಗೆ ಊಟ ನಿಲ್ಲಿಸಬೇಕೆಂಬ ಹಳೆಯ ನಂಬಿಕೆ ಅಜ್ಜಿಯ ಮನಸ್ಸಿನಲ್ಲಿ ಇರುವುದು ಆಕೆಗೆ ಗೊತ್ತಿರಲಿಲ್ಲ. ತನ್ನ ಭಾಷೆಯಲ್ಲಿ ಮಾತು ನಡೆದಾಗಲೇ ಮನುಷ್ಯ ತನ್ನ ಸಂದೇಹವನ್ನು ಹೊರಗೆಡಹುತ್ತಾನೆ. ಎದೆಹಾಲನ್ನಾಗಲಿ ಮೆತ್ತಗಿನ ಅನ್ನವನ್ನಾಗಲಿ ನಿಲ್ಲಿಸಬಾರದೆಂದು ವೈದ್ಯರು ಆಗ ಸ್ಪಷ್ಟಪಡಿಸಿದರು.

ಅಪಾಯದ ಗುರುತುಗಳ ವಿಷಯದಲ್ಲಿಯೂ ಹೀಗೆಯೇ. ಪಠ್ಯಗಳಲ್ಲಿ ‘ನಿರ್ಜಲೀಕರಣ’ ಎಂಬ ಶಬ್ದವಿದೆ. ಅಜ್ಜಿಯ ಕಿವಿಗೆ ಅದೂ ಇಂಗ್ಲಿಷಿನಷ್ಟೇ ಅಪರಿಚಿತ. ಕನ್ನಡದಲ್ಲಿ ಹೇಳಿರೆಂದರೆ ಕಠಿಣ ಶಬ್ದದ ಸ್ಥಾನದಲ್ಲಿ ಮತ್ತೊಂದು ಕಠಿಣ ಶಬ್ದವನ್ನು ಇಡಿರೆಂದು ಅರ್ಥವಲ್ಲ. ಕಣ್ಣು ಗುಳಿಬಿದ್ದಿದೆಯೇ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಮೆಲ್ಲಗೆ ಇಳಿಯುತ್ತದೆಯೇ, ಕುಡಿಯಲು ಕೊಟ್ಟರೂ ಕುಡಿಯದೆ ಮಂಪರಿನಲ್ಲಿ ಬಿದ್ದಿದೆಯೇ, ಮಲದಲ್ಲಿ ರಕ್ತವಿದೆಯೇ ಎಂದು ಕೇಳಿದರೆ ಅಜ್ಜಿ ನೋಡಿ ಹೇಳಬಲ್ಲರು. ಇಲ್ಲದಿದ್ದರೆ ಸುಮ್ಮನೆ ಬಿದ್ದಿರುವ ಮಗುವನ್ನು ಕಂಡು, ಸದ್ಯ ನಿದ್ದೆ ಹತ್ತಿತೆಂದು ಸಮಾಧಾನಪಡುವ ಸಂಭವವುಂಟು.

ಎರಡು ವಿವರಣೆಗಳ ಮಾತು ಬೇರೆಯಾಗಿರಬಹುದು, ಅಳತೆ ಬೇರೆಯಾಗಕೂಡದು. ಆದುದರಿಂದ ಮನೆಗೆ ಹೊರಡುವ ಮುನ್ನ ಇಬ್ಬರೂ ತಾವು ಕೇಳಿದುದನ್ನು ವೈದ್ಯರ ಎದುರಿಗೇ ತಿರುಗಿ ಹೇಳಬೇಕು. ಪ್ರತಿ ಸಲಕ್ಕೆ ಅರ್ಧ ಲೋಟ ಎಂದು ತಾಯಿ ಹೇಳುತ್ತಾಳೆ. ಹತ್ತು ಚಮಚ ಎಂದು ಅಜ್ಜಿ ಹೇಳುತ್ತಾರೆ. ಇವು ಒಂದಕ್ಕೊಂದು ವಿರುದ್ಧವೇ? ಇನ್ನೂರರ ಲೋಟದಲ್ಲಿ ಅರ್ಧವೆಂದರೆ ನೂರು ಮಿಲಿಲೀಟರು. ಐದು ಮಿಲಿಲೀಟರಿನ ಚಿಕ್ಕ ಚಮಚದಲ್ಲಿ ಹತ್ತೆಂದರೆ ಐವತ್ತು. ಎರಡೂ ವೈದ್ಯರು ಹೇಳಿದ ಮಿತಿಯೊಳಗೇ ಇವೆ. ಆದರೆ ಸತುವಿನ ಮಾತ್ರೆಯನ್ನು ಹದಿನಾಲ್ಕು ದಿನ ಎಂದು ಒಬ್ಬರೂ, ಭೇದಿ ನಿಲ್ಲುವ ತನಕ ಎಂದು ಇನ್ನೊಬ್ಬರೂ ಹೇಳಿದರೆ ಅಲ್ಲಿ ತಪ್ಪು ನುಸುಳಿದೆಯೆಂದೇ ತಿಳಿಯಬೇಕು. ಭೇದಿ ನಿಂತರೂ ಮಾತ್ರೆಯನ್ನು ಹದಿನಾಲ್ಕು ದಿನವೂ ಕೊಡಬೇಕಾಗುತ್ತದೆ.

ತಿರುಗಿ ಹೇಳಿಸುವ ಈ ಕ್ರಮಕ್ಕೆ ಬಾಂಗ್ಲಾದೇಶದಲ್ಲಿ ದೊಡ್ಡ ನಿದರ್ಶನವಿದೆ. ಅಲ್ಲಿನ ಬ್ರ್ಯಾಕ್ ಸಂಸ್ಥೆಯು 1980ರಿಂದ ಹತ್ತು ವರ್ಷಗಳ ಕಾಲ ಕಾರ್ಯಕರ್ತೆಯರನ್ನು ಹಳ್ಳಿಗಳ ಮನೆಮನೆಗೆ ಕಳುಹಿಸಿ ಈ ನೀರನ್ನು ಮನೆಯಲ್ಲಿಯೇ ಮಾಡುವುದನ್ನು ಕಲಿಸಿತು. ಅವರ ಅಳತೆ ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಮುಂದೆ ಬೇರೆಯವರು ಬಂದು ತಾಯಂದಿರನ್ನು ಪ್ರಶ್ನಿಸುತ್ತಿದ್ದರು. ತಾಯಂದಿರು ಎಷ್ಟು ಅಂಶಗಳನ್ನು ನೆನಪಿಟ್ಟಿದ್ದಾರೆ ಎಂಬುದರ ಮೇಲೆ ಕಾರ್ಯಕರ್ತೆಯ ಸಂಬಳ ನಿಂತಿತ್ತು. ಹೇಳಿದ್ದಕ್ಕಲ್ಲ, ಕೇಳಿದವರಿಗೆ ತಿಳಿದದ್ದಕ್ಕೆ ಸಂಬಳ!

ವೈದ್ಯರಿಗೆ ಕನ್ನಡ ಬಾರದಿರುವುದೂ ಬೆಂಗಳೂರಿನಲ್ಲಿ ಉಂಟು. ಆಗ ಅಲ್ಲಿನ ದಾದಿಯನ್ನೋ ಔಷಧ ಕೊಡುವವರನ್ನೋ ಕನ್ನಡದಲ್ಲಿ ಹೇಳಲು ಕೇಳಿಕೊಳ್ಳಬಹುದು. ಯಾರೂ ಸಿಗದೆ ಮೊಮ್ಮಗಳೇ ಹೇಳಬೇಕಾಗಿ ಬಂದರೆ, ಅವಳು ವೈದ್ಯರ ಮಾತನ್ನು ಒಂದೊಂದೇ ವಾಕ್ಯವಾಗಿ ನಿಲ್ಲಿಸಿ ಹೇಳಬೇಕು. ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಅಜ್ಜಿಯ ಪ್ರಶ್ನೆಯನ್ನು ತಾನೇ ಉತ್ತರಿಸದೆ ವೈದ್ಯರಿಗೆ ದಾಟಿಸಬೇಕು. ಮನೆಗೆ ಬಂದ ಮೇಲೆ ಮೊದಲನೆಯ ಬಾಟಲಿಯನ್ನು ಅಜ್ಜಿಯೇ ತುಂಬಿ ಬೆರೆಸಲಿ, ತಾಯಿ ಪಕ್ಕದಲ್ಲಿ ನಿಂತು ನೋಡಲಿ.