ಸಿಡಿಲು, ಹೊಳೆ, ಸಭೆ: ಯಾವ ಸುದ್ದಿಗೆ ಯಾವ ದಾರಿ?



ಮೊಬೈಲಿನಲ್ಲಿ ಏನೇ ಬರಲಿ, ನಾವೆಲ್ಲ ಅದಕ್ಕೆ 'ಮೆಸೇಜ್ ಬಂತು' ಅಂತೀವಿ. ಆದರೆ ಎಲ್ಲಾ ಮೆಸೇಜೂ ಒಂದೇ ದಾರಿಯಿಂದ ಬರುವುದಿಲ್ಲ. ಸಂಘದ ಸಭೆ ಮುಂದಕ್ಕೆ ಹೋಯಿತು ಎನ್ನುವ ಸುದ್ದಿ ಒಂದು ತಾಸು ತಡವಾಗಿ ಮುಟ್ಟಿದರೆ ಏನೂ ಕೆಡುವುದಿಲ್ಲ. ಸಿಡಿಲಿನ ಸುದ್ದಿ ಹತ್ತು ನಿಮಿಷ ತಡವಾದರೆ ಒಂದು ಜೀವವೇ ಹೋಗಬಹುದು. ಇಂಡಿಯ ಲಿಂಬೆ ತೋಟದಲ್ಲಿ, ಸಿಂದಗಿಯ ಹೊಲದಲ್ಲಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಹೊಳೆದಂಡೆಯಲ್ಲಿ ಕೂಲಿ ಮಾಡುವವರು ನಾವೇ. ಆದ್ದರಿಂದ ಎಚ್ಚರಿಕೆಯ ಸುದ್ದಿ ಯಾವ ದಾರಿಯಿಂದ ಬರುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಮೂರು ದಾರಿಗಳು

ಮೊದಲನೆಯದು ಎಸ್ಸೆಮ್ಮೆಸ್. ಇದು ಟವರಿನಿಂದ ನೇರವಾಗಿ ನಮ್ಮ ನಂಬರಿಗೆ ಬರುತ್ತದೆ. ಇಂಟರ್ನೆಟ್ ಬೇಕಾಗಿಲ್ಲ. ಗುಂಡಿ ಒತ್ತುವ ಸಾದಾ ಫೋನಿಗೂ ಬರುತ್ತದೆ. ಫೋನ್ ಆಫ್ ಆಗಿದ್ದರೆ ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಆನ್ ಮಾಡಿದ ಮೇಲೆ ಬರುತ್ತದೆ. ಹೀಗೆ ಕಾಯುವುದೇ ಇದರ ಗುಣ, ಇದೇ ಇದರ ದೋಷವೂ ಹೌದು. ಮೂರು ಗಂಟೆಗೆ ಕಳಿಸಿದ್ದು ಐದಕ್ಕೆ ಬಂದರೂ ಬಂದೇ ಬರುತ್ತದೆ, ಆದರೆ ಅಷ್ಟೊತ್ತಿಗೆ ಮಳೆ ಬಂದು ಹೋಗಿರುತ್ತದೆ.

ಎರಡನೆಯದು ಪುಶ್ ನೋಟಿಫಿಕೇಶನ್. ನಾವು ಆ್ಯಪ್ ತೆರೆಯದಿದ್ದರೂ ಫೋನಿನ ಪರದೆಯ ಮೇಲ್ಭಾಗದಲ್ಲಿ 'ಟಣ್' ಎಂದು ತಾನಾಗಿ ಇಳಿಯುತ್ತದಲ್ಲ, ಅದು. ಇದು ಇಂಟರ್ನೆಟ್ ಮೂಲಕ ಬರುತ್ತದೆ. ಸ್ಮಾರ್ಟ್ ಫೋನ್ ಬೇಕು, ಆ್ಯಪ್ ಹಾಕಿಕೊಂಡಿರಬೇಕು, ಡಾಟಾ ಆನ್ ಇರಬೇಕು, ನೋಟಿಫಿಕೇಶನಿಗೆ ನಾವು ಅನುಮತಿ ಕೊಟ್ಟಿರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಸುದ್ದಿ ಬರುವುದಿಲ್ಲ. ಬರಲಿಲ್ಲ ಎಂಬುದು ನಮಗೆ ಗೊತ್ತೂ ಆಗುವುದಿಲ್ಲ.

ಮೂರನೆಯದು ಆ್ಯಪಿನ ಒಳಗಿನ ಸಂದೇಶ. ಬ್ಯಾಂಕಿನದೋ ಹವಾಮಾನದ್ದೋ ಆ್ಯಪ್ ತೆರೆದಾಗ ಒಳಗೆ ಒಂದು ಚೀಟಿ ಕಾಣಿಸುತ್ತದೆ. ಇದು ಪಂಚಾಯ್ತಿಯ ಒಳಗೋಡೆಗೆ ಅಂಟಿಸಿದ ನೋಟೀಸು ಇದ್ದ ಹಾಗೆ. ಒಳಗೆ ಹೋದವರಿಗೆ ಮಾತ್ರ ಕಾಣುತ್ತದೆ. ಸಾವಕಾಶ ಓದಬೇಕಾದ ವಿಷಯಕ್ಕೆ ಇದು ಒಳ್ಳೆಯದು, ಅವಸರದ ಕೂಗಿಗೆ ಉಪಯೋಗವಿಲ್ಲ.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ನಮ್ಮ ಕೈಯಲ್ಲಿ ಎಷ್ಟು ಹೊತ್ತು ಇದೆ? ಸುದ್ದಿ ಮುಟ್ಟಬೇಕಾದವಳ ಕೈಯಲ್ಲಿ ಯಾವ ಫೋನಿದೆ?

ಸಿಡಿಲು: ಕೈಯಲ್ಲಿರುವುದು ನಿಮಿಷಗಳು

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಒಮ್ಮೆಲೆ ಮೋಡ ಕಟ್ಟಿ ಗುಡುಗುತ್ತದೆ. ಹಿಂಗಾರಿಗೆ ಮುಂಚೆ ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಹೀಗೆಯೇ. ಸಿಡಿಲಿನ ಎಚ್ಚರಿಕೆಗಾಗಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರು 'ದಾಮಿನಿ' ಎಂಬ ಆ್ಯಪ್ ಮಾಡಿದ್ದಾರೆ. ಪ್ಲೇ ಸ್ಟೋರಿನಲ್ಲಿ Damini ಎಂದು ಹುಡುಕಿದರೆ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ನಾವು ನಿಂತ ಜಾಗದಿಂದ 20 ಕಿಲೋಮೀಟರ್ ಮತ್ತು 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿನ ಚಟುವಟಿಕೆ ಇದ್ದರೆ ಅದು ಪುಶ್ ನೋಟಿಫಿಕೇಶನ್ ಕಳಿಸುತ್ತದೆ.

ಇದಕ್ಕೆ ಎಸ್ಸೆಮ್ಮೆಸ್ ಯಾಕೆ ಸಾಲದು? ಸರಕಾರದಿಂದಲೂ ಎಸ್ಸೆಮ್ಮೆಸ್ ಬರುತ್ತದೆ, ಆದರೆ ಅದರಲ್ಲಿ 'ಮುಂದಿನ ಮೂರು ತಾಸಿನಲ್ಲಿ ಜಿಲ್ಲೆಯ ಕೆಲವು ಕಡೆ ಗುಡುಗು ಸಿಡಿಲು' ಎಂದಿರುತ್ತದೆ. ಜಿಲ್ಲೆ ದೊಡ್ಡದು, ಮೂರು ತಾಸು ಉದ್ದವಾದದ್ದು. ಕೂಲಿ ಬಿಟ್ಟು ಯಾರೂ ಏಳುವುದಿಲ್ಲ. ಪುಶ್ ಮಾತ್ರ ಫೋನ್ ಇರುವ ಜಾಗವನ್ನೇ ನೋಡಿ ಹೇಳುತ್ತದೆ. ಆದ್ದರಿಂದಲೇ ದಾಮಿನಿಗೆ ಫೋನಿನ ಲೊಕೇಶನ್ ಆನ್ ಇರಬೇಕು. ಲೊಕೇಶನ್ ಆಫ್ ಇದ್ದರೆ, ನೀವು ಯಾವ ಹೊಲದಲ್ಲಿದ್ದೀರಿ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಆದರೆ ಪುಶ್ ಒಂದನ್ನೇ ನಂಬಿದರೂ ಕೆಲಸ ಕೆಡುತ್ತದೆ. ಒಂದು ಸಂಘದ ಲೆಕ್ಕ ಹಾಕಿ ನೋಡೋಣ. ಸದಸ್ಯೆಯರು 15 ಮಂದಿ ಎಂದು ಇಟ್ಟುಕೊಳ್ಳಿ. ಸ್ಮಾರ್ಟ್ ಫೋನ್ ಇರುವವರು 6, ಸಾದಾ ಫೋನಿನವರು 7, ಫೋನೇ ಇಲ್ಲದವರು 2. ಮಧ್ಯಾಹ್ನ 3 ಗಂಟೆಗೆ ಸಿಡಿಲಿನ ನೋಟಿಫಿಕೇಶನ್ ಹೊರಟಿತು. ಆರು ಸ್ಮಾರ್ಟ್ ಫೋನಿನಲ್ಲಿ ಎರಡಕ್ಕೆ ಡಾಟಾ ಮುಗಿದಿದೆ. ಒಂದರಲ್ಲಿ ಚಾರ್ಜ್ ಉಳಿಯಲಿ ಎಂದು ಲೊಕೇಶನ್ ಆಫ್ ಮಾಡಿದ್ದಾರೆ. ಉಳಿದದ್ದು ಮೂರು. ಹದಿನೈದು ಮಂದಿಯಲ್ಲಿ ಮೂವರಿಗೆ ಮಾತ್ರ ಸುದ್ದಿ!

ಆ ಮೂವರು ಉಳಿದವರಿಗೆ ಎಸ್ಸೆಮ್ಮೆಸ್ ಮಾಡಿದರೆ? ಸಾದಾ ಫೋನು ಬುತ್ತಿ ಗಂಟಿನ ಜೊತೆ ಬದುವಿನ ಮೇಲಿರುತ್ತದೆ. ಒಂದು ಸಲ 'ಟಿಣ್' ಎಂದದ್ದು ಯಾರ ಕಿವಿಗೂ ಬೀಳುವುದಿಲ್ಲ. ಇಲ್ಲಿ ಬೇಕಾದದ್ದು ಫೋನ್ ಕರೆ. ಕರೆ ಬಿಟ್ಟೂ ಬಿಡದೆ ರಿಂಗಾಗುತ್ತದೆ. ಸುದ್ದಿ ಸಿಕ್ಕ ಮೂವರು ತಲಾ ನಾಲ್ವರ ಹೊಣೆ ಹೊತ್ತರೆ ಹನ್ನೆರಡು ಮಂದಿಯೂ ಮುಗಿದರು. ಫೋನಿಲ್ಲದ ಇಬ್ಬರು ಯಾರ ಜೊತೆ ಕೆಲಸಕ್ಕೆ ಹೋಗುತ್ತಾರೋ ಅವರಿಗೆ ಹೇಳಿ ಕೂಗಿಸಬೇಕು. ಮಾತು ಇಷ್ಟೇ ಸಾಕು: "ಅಕ್ಕಾ, ಸಿಡ್ಲು ಸನೇಕ ಬಂದೈತಿ. ಗಿಡದ ಕೆಳಗ ನಿಂದರಬ್ಯಾಡ್ರಿ, ಲಗೂನ ಮನೀಗಿ ನಡೀರಿ." ಯಾರು ಯಾರಿಗೆ ಕರೆ ಮಾಡಬೇಕು ಎಂಬ ಪಟ್ಟಿ ಮೊದಲೇ ಬರೆದಿರಬೇಕು. ಗುಡುಗುವಾಗ ಕೂತು ಯೋಚಿಸಲು ಆಗುವುದಿಲ್ಲ. ಪಟ್ಟಿಯಲ್ಲಿ ಹೆಸರಿರುವ ಒಬ್ಬರು ಸಿಗದಿದ್ದರೆ ಯಾರು ನೋಡಿಕೊಳ್ಳಬೇಕು ಎಂಬುದೂ ಅದರಲ್ಲಿರಲಿ.

ಏನು ಮಾಡಬೇಕು, ಏನು ಮಾಡಬಾರದು ಎಂಬ ಉದ್ದ ಪಟ್ಟಿ ಆ್ಯಪಿನ ಒಳಗೇ ಇದೆ. ಅದನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಹೇಳಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬಾರದು ಎಂಬ ಮಾತನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿ. ಇನ್ನೊಂದು ಮಾತು: ಆ್ಯಪ್ ಸುಮ್ಮನಿದೆ ಎಂದು ಧೈರ್ಯ ಮಾಡಬೇಡಿ. ಗುಡುಗು ಕಿವಿಗೆ ಕೇಳಿತು ಎಂದರೆ ಅದೇ ಎಚ್ಚರಿಕೆ.

ಹೊಳೆ: ಕೈಯಲ್ಲಿರುವುದು ತಾಸುಗಳು

2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಉಕ್ಕಿ ಬಂದದ್ದನ್ನು ಇಂಡಿ, ಸಿಂದಗಿ ಕಡೆಯವರು ಮರೆತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ಭೀಮೆಯ ನೀರು ಮಹಾರಾಷ್ಟ್ರದ ಉಜನಿ ಆಣೆಕಟ್ಟಿನಿಂದ ಪಂಢರಪುರದ ಮೇಲೆ ಹರಿದು ನಮ್ಮ ಕಡೆ ಬರುತ್ತದೆ. ಆದ್ದರಿಂದ ಸಿಡಿಲಿನ ಹಾಗೆ ಅಲ್ಲ, ನೀರು ಬಿಟ್ಟ ಸುದ್ದಿಗೂ ನೀರು ಬರುವುದಕ್ಕೂ ನಡುವೆ ವೇಳೆ ಇರುತ್ತದೆ. ಕೃಷ್ಣೆಯ ಪಕ್ಕದ ಮುದ್ದೇಬಿಹಾಳದವರಿಗೆ ಆಲಮಟ್ಟಿ ಹತ್ತಿರ, ಅವರಿಗೆ ಸಿಗುವ ವೇಳೆ ಕಡಿಮೆ.

ಇಲ್ಲಿ ಎಸ್ಸೆಮ್ಮೆಸ್ಸೇ ಸರಿಯಾದ ದಾರಿ. ಎಲ್ಲಾ ಫೋನಿಗೂ ಹೋಗುತ್ತದೆ, ಅಳಿಸುವ ತನಕ ಉಳಿಯುತ್ತದೆ, ಮನೆಯವರಿಗೂ ಮತ್ತೆ ಓದಿ ತೋರಿಸಬಹುದು. ಆದರೆ ಬರೆಯುವಾಗ ಒಂದು ಲೆಕ್ಕ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಗುರುತು ಹಿಡಿಯುತ್ತದೆ, ಕನ್ನಡದಲ್ಲಿ ಬರೇ 70. ಕನ್ನಡದ ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಫೋನು ಬೇರೆ ಬೇರೆ ಎಣಿಸುತ್ತದೆ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ, ಫೋನಿಗೆ ಆರು! 70 ದಾಟಿದರೆ ಸಂದೇಶ ಎರಡು ಮೂರು ತುಂಡಾಗುತ್ತದೆ. ಒಂದು ತುಂಡು ತಡವಾದರೆ ಸಂದೇಶ ಅರ್ಧಂಬರ್ಧ ಆಗುತ್ತದೆ.

ಆದ್ದರಿಂದ ನಮಸ್ಕಾರ, ಸಂಘದ ಹೆಸರು ಎಲ್ಲ ಬಿಟ್ಟು ಹೀಗೆ ಬರೆಯಿರಿ:

"ಇಂದು ಸಂಜೆ ಭೀಮಾ ನೀರು ಏರುತ್ತದೆ. ಮೋಟಾರ್, ದನ ಮೇಲೆ ತನ್ನಿ. ಹೊಳೆ ದಾಟಬೇಡಿ."

ಯಾವಾಗ, ಏನು, ಏನು ಮಾಡಬೇಕು ಎಂಬ ಮೂರೂ ಇದರಲ್ಲಿವೆ. ಎಣಿಸಿದರೆ 66 ಗುರುತು, ಒಂದೇ ಎಸ್ಸೆಮ್ಮೆಸ್ಸಿನಲ್ಲಿ ಮುಗಿಯಿತು. ಕೆಲವು ಹಳೆಯ ಫೋನುಗಳಲ್ಲಿ ಕನ್ನಡ ಮೂಡದೆ ಚೌಕ ಚೌಕ ಕಾಣುತ್ತದೆ. ಅಂಥವರು ಯಾರೆಂದು ಮೊದಲೇ ತಿಳಿದು ಅವರಿಗೆ ಕರೆ ಮಾಡಿ.

ಹಲವು ರೀಚಾರ್ಜ್ ಪ್ಯಾಕುಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಮಾತ್ರ ಇರುತ್ತದೆ. ಹನ್ನೆರಡು ಸಂಘಗಳ 180 ಸದಸ್ಯೆಯರಿಗೆ ಒಕ್ಕೂಟದ ಅಧ್ಯಕ್ಷೆ ಒಬ್ಬರೇ ಕಳಿಸಲು ಕೂತರೆ ನಡುವೆಯೇ ನಿಂತುಹೋಗುತ್ತದೆ. ಅವರು ಹನ್ನೆರಡು ಪ್ರತಿನಿಧಿಗಳಿಗೆ ಕಳಿಸಲಿ, ಪ್ರತಿನಿಧಿಗಳು ತಮ್ಮ ತಮ್ಮ ಸಂಘಕ್ಕೆ ಕಳಿಸಲಿ.

ಕಳಿಸುವ ಮುಂಚೆ ಸುದ್ದಿ ಖರೆಯೋ ಸುಳ್ಳೋ ನೋಡಬೇಕು. ಹೊಳೆ ಬಂತೆಂದು ಎರಡು ಸಲ ಸುಳ್ಳು ಓಡಿದರೆ ಮೂರನೇ ಸಲ ಯಾರೂ ಏಳುವುದಿಲ್ಲ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ನಂಬರ್ 1077, ಅಲ್ಲಿ ಕೇಳಿ. ಸರಕಾರದ ಎಸ್ಸೆಮ್ಮೆಸ್ ಆದರೆ ಕಳಿಸಿದವರ ಹೆಸರಿನ ಕೊನೆಗೆ -G ಎಂದಿರುತ್ತದೆ, ಈ ಪದ್ಧತಿ 2025ರಲ್ಲಿ ಬಂತು. ಯಾರದೋ ಹತ್ತಂಕಿಯ ನಂಬರಿನಿಂದ 'ಪರಿಹಾರಕ್ಕೆ ಇಲ್ಲಿ ಒತ್ತಿರಿ' ಎಂದು ಬಂದರೆ ಒತ್ತಬೇಡಿ.

ಸದ್ದು ಮಾಡಿ ಬರುವ ಇನ್ನೊಂದು

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಬಹಳ ಫೋನುಗಳು ಒಮ್ಮೆಲೆ ಕಿರುಚಿಕೊಂಡವು, ನೆನಪಿದೆಯೇ? ಅದು ಸರಕಾರದ ಪರೀಕ್ಷೆ. ಅದು ಎಸ್ಸೆಮ್ಮೆಸ್ಸೂ ಅಲ್ಲ, ಪುಶ್ಶೂ ಅಲ್ಲ. ಡಂಗುರದವನು ಓಣಿಯಲ್ಲಿ ಸಾರಿದ ಹಾಗೆ, ಟವರು ತನ್ನ ಸುತ್ತಲಿನ ಫೋನುಗಳಿಗೆಲ್ಲ ಒಮ್ಮೆಗೇ ಕೂಗುತ್ತದೆ. ನಂಬರೂ ಬೇಡ, ಡಾಟಾವೂ ಬೇಡ. ಎಲ್ಲಾ ಹಳೆಯ ಫೋನು ಇದನ್ನು ಹಿಡಿಯುವುದಿಲ್ಲ. ಇಂಥದನ್ನು ಕಳಿಸುವುದು ಸರಕಾರದ ಕೆಲಸ. ಬಂದಾಗ ಹೆದರಿ ಫೋನ್ ಆಫ್ ಮಾಡದೆ ಓದುವುದು ನಮ್ಮ ಕೆಲಸ.

ಸಭೆ: ಕೈಯಲ್ಲಿರುವುದು ದಿನಗಳು

ಸಭೆಯ ದಿನ, ಸಾಲದ ಕಂತಿನ ತಾರೀಖು ಇವಕ್ಕೆ ಹಿಂದಿನ ದಿನ ಒಂದು ಎಸ್ಸೆಮ್ಮೆಸ್ ಸಾಕು. ಹೊಸ ಯೋಜನೆಯ ನಿಯಮ, ಅರ್ಜಿಗೆ ಬೇಕಾದ ಕಾಗದಪತ್ರ ಇಂಥ ಉದ್ದ ವಿಷಯ ಆ್ಯಪಿನ ಒಳಗಿದ್ದರೆ ಸಾಕು, ತೆರೆದು ಓದಿಕೊಳ್ಳಬಹುದು. ಇಂಥದಕ್ಕೆಲ್ಲ ಪುಶ್ ಬರಬೇಕಾಗಿಲ್ಲ. ದಿನಕ್ಕೆ ಇಪ್ಪತ್ತು ಸಲ 'ಟಣ್' ಅಂದರೆ ನಾವು ನೋಡದೆ ಸರಿಸಿಬಿಡುತ್ತೇವೆ. ಆ ಇಪ್ಪತ್ತರ ನಡುವೆ ಸಿಡಿಲಿನದೂ ಸರಿದುಹೋಗುತ್ತದೆ. ಜಾಹೀರಾತು ಕಳಿಸುವ ಆ್ಯಪುಗಳ ನೋಟಿಫಿಕೇಶನ್ ಬಂದ್ ಮಾಡಿ, ದಾಮಿನಿಯದನ್ನು ಮಾತ್ರ ಬಿಡಿ.

ಮುಂದಿನ ಸಭೆಯಲ್ಲಿ ಮಾಡಿ

1. ಯಾರ ಹತ್ತಿರ ಯಾವ ಫೋನಿದೆ, ಯಾರ ಫೋನಿನಲ್ಲಿ ಕನ್ನಡ ಮೂಡುತ್ತದೆ ಎಂದು ಠರಾವು ಪುಸ್ತಕದಲ್ಲಿ ಬರೆದುಕೊಳ್ಳಿ. ಫೋನು ಗಂಡನದೋ ಮಗನದೋ ಆಗಿದ್ದರೆ, ಕೆಲಸದ ಹೊತ್ತಿನಲ್ಲಿ ಅದು ನಿಮ್ಮ ಹತ್ತಿರ ಇರುವುದಿಲ್ಲ. ಅದನ್ನೂ ಬರೆಯಿರಿ.

2. ಸ್ಮಾರ್ಟ್ ಫೋನ್ ಇರುವ ಕನಿಷ್ಠ ಮೂವರು ದಾಮಿನಿ ಹಾಕಿಕೊಂಡು ಲೊಕೇಶನ್, ನೋಟಿಫಿಕೇಶನ್ ಆನ್ ಮಾಡಲಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆನ್ ಇದ್ದರೆ ನೋಟಿಫಿಕೇಶನ್ ತಡವಾಗಬಹುದು, ಅದನ್ನು ಆಫ್ ಮಾಡಲಿ.

3. ಯಾರು ಯಾವ ನಾಲ್ವರಿಗೆ ಕರೆ ಮಾಡಬೇಕು ಎಂದು ಗೊತ್ತು ಮಾಡಿ, ಒಂದು ದಿನ ಹೇಳದೆ ಕೇಳದೆ ಕರೆ ಮಾಡಿ ನೋಡಿ. ಕೊನೆಯವರಿಗೆ ಮುಟ್ಟಲು ಎಷ್ಟು ನಿಮಿಷ ಹಿಡಿಯಿತು? ಹತ್ತು ನಿಮಿಷ ದಾಟಿದರೆ ಪಟ್ಟಿ ಬದಲಾಯಿಸಿ.

ಏಪ್ರಿಲಿನ ಮೊದಲ ಗುಡುಗಿಗೆ ಮುಂಚೆ ಈ ಮೂರು ಕೆಲಸ ಮುಗಿದಿರಲಿ.